ತಪ್ಪು ಚೀಸಿನದೋ, ಭಾನುವಾರದ್ದೋ?

ಒಂದು ಕಾಲದಲ್ಲಿ ನಮ್ಮ ಫರೀದಾಬಾದಿನ ಮನೆಯಲ್ಲಿ ಭಾನುವಾರ ಅಂದರೆ ಪರದೆ ಎಳೆದ ಕೋಣೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಎಡಗಣ್ಣಿನ ಹಿಂದೆ ಸಣ್ಣಗೆ ಮಿಡಿತ ಶುರುವಾಗುತ್ತಿತ್ತು. ಹನ್ನೊಂದಕ್ಕೆ ಪಕ್ಕದ ಮನೆಯ ಮಿಕ್ಸಿ ಸದ್ದೂ ತಡೆಯಲಾಗುತ್ತಿರಲಿಲ್ಲ. ಮಧ್ಯಾಹ್ನಕ್ಕೆ ವಾಂತಿ. ಮಗ ತುದಿಗಾಲಲ್ಲಿ ಓಡಾಡುತ್ತಿದ್ದ. ವಾರವಿಡೀ ಮೆಟ್ರೋದಲ್ಲಿ ನಿಂತು ನೆಹರು ಪ್ಲೇಸಿಗೆ ಹೋಗಿ ಬರುವವಳಿಗೆ ಸಿಗುವ ಒಂದೇ ಒಂದು ರಜಾದಿನ ಹೀಗೆ ಹಾಳಾಗುತ್ತಿತ್ತು.

ಕಾರಣ ಎಲ್ಲರಿಗೂ ಗೊತ್ತಿತ್ತು. ಶನಿವಾರ ರಾತ್ರಿ ಮಗನ ಹಟಕ್ಕೆ ಪಿಜ್ಜಾ ತರಿಸುತ್ತಿದ್ದೆವು. ಪಿಜ್ಜಾ ಅಂದರೆ ಚೀಸ್, ಚೀಸ್ ಅಂದರೆ ಮೈಗ್ರೇನ್. ಆಫೀಸಿನ ಗೆಳತಿಯೊಬ್ಬಳು ಫೋನಿಗೆ ಒಂದು ಪಟ್ಟಿಯನ್ನೇ ಕಳಿಸಿದ್ದಳು: ಚೀಸ್, ಚಾಕೊಲೇಟ್, ಬಾಳೆಹಣ್ಣು, ಕಿತ್ತಳೆ, ನಿಂಬೆ, ಈರುಳ್ಳಿ, ಮೊಸರು, ಕಡಲೆಬೀಜ, ಉಪ್ಪಿನಕಾಯಿ, ಅಜಿನೊಮೊಟೊ. ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ ಇನ್ನೊಂದು ತೀರ್ಪು ಕೊಟ್ಟಿದ್ದರು. "ಪಿತ್ತ ಕೆರಳಿದೆ ಕಣೇ ಮಾರಾಯ್ತಿ. ರಾತ್ರಿ ಹೊತ್ತು ಮೊಸರು ಮುಟ್ಟಬೇಡ."

ಇಬ್ಬರ ಮಾತನ್ನೂ ಕೇಳಿದೆ. ಸುಮಾರು ಒಂದು ವರ್ಷ ಮೊಸರನ್ನ ಬಿಟ್ಟೆ, ಈರುಳ್ಳಿ ಹಾಕಿದ ಪಲ್ಯ ಬಿಟ್ಟೆ, ನಿಂಬೆಹಣ್ಣಿನ ಚಿತ್ರಾನ್ನ ಬಿಟ್ಟೆ. ಆಫೀಸಿನ ಕ್ಯಾಂಟೀನಿನಲ್ಲಿ ನಾನು ತಿನ್ನಬಹುದಾದದ್ದು ಏನೂ ಉಳಿಯಲಿಲ್ಲ. ಡಬ್ಬಿ ಕಟ್ಟಲು ಆಗದ ದಿನ ಎರಡು ಬಿಸ್ಕತ್ತು ತಿಂದು ಸಂಜೆವರೆಗೆ ದೂಡುತ್ತಿದ್ದೆ. ತಿಂಗಳಿಗೆ ಮೂರು ಸಲ ಬರುತ್ತಿದ್ದ ನೋವು ನಾಲ್ಕು ಐದು ಸಲ ಬರತೊಡಗಿತು. ಪಟ್ಟಿ ಪಾಲಿಸಿದಷ್ಟೂ ನೋವು ಹೆಚ್ಚಾಗುವುದೇಕೆ ಎಂದು ಕೇಳಿದಾಗ ದಿಲ್ಲಿಯ ನರರೋಗ ತಜ್ಞರು ಹೇಳಿದ್ದು ಇಷ್ಟೇ: "ಬೇರೆಯವರ ಪಟ್ಟಿ ಬಿಡಿ. ಮೂರು ತಿಂಗಳು ನಿಮ್ಮದೇ ಲೆಕ್ಕ ಬರೆದು ತನ್ನಿ."

ಆ ಲೆಕ್ಕದಲ್ಲಿ ಏನು ಸಿಕ್ಕಿತು ಎಂಬುದೇ ಈ ಬರಹ. ಇದು ನನ್ನೊಬ್ಬಳ ಕತೆ ಅಲ್ಲ ಅನ್ನುವುದಕ್ಕೆ ನಮ್ಮೂರಿನದೇ ಲೆಕ್ಕ ಇದೆ. ಬೆಂಗಳೂರಿನ ನಿಮ್ಹಾನ್ಸ್ ತಂಡ ಕರ್ನಾಟಕದಲ್ಲಿ 18ರಿಂದ 65 ವರ್ಷದ 2,329 ಜನರನ್ನು ಮನೆಬಾಗಿಲಲ್ಲಿ ಮಾತಾಡಿಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಅನುಭವಿಸಿದವರು ನೂರಕ್ಕೆ 25. ನಾಲ್ವರಲ್ಲಿ ಒಬ್ಬರು. ನಿಮ್ಮ ಮನೆಯಲ್ಲೂ ಒಬ್ಬರು ಇದ್ದಾರು.

ಚೀಸಿನ ಮೇಲೆ ಆರೋಪ ಬಂದದ್ದು ಹೇಗೆ

ಚೀಸಿನ ಕತೆ ಸುಳ್ಳಿನಿಂದ ಹುಟ್ಟಿದ್ದಲ್ಲ. ಅರ್ಧ ನಿಜದಿಂದ ಹುಟ್ಟಿದ್ದು. 1960ರ ದಶಕದಲ್ಲಿ ಖಿನ್ನತೆಗೆ ಒಂದು ಬಗೆಯ ಮಾತ್ರೆ ಬಳಕೆಯಲ್ಲಿತ್ತು. ಅದನ್ನು ನುಂಗುತ್ತಿದ್ದ ಕೆಲವರಿಗೆ ಇದ್ದಕ್ಕಿದ್ದಂತೆ ರಕ್ತದೊತ್ತಡ ಏರಿ ಭಯಂಕರ ತಲೆನೋವು ಬರುತ್ತಿತ್ತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ರೋ ಎಂಬ ಔಷಧ ತಜ್ಞರ ಹೆಂಡತಿಯೂ ಆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಚೀಸ್ ತಿಂದಾಗಲೆಲ್ಲ ಆಕೆಗೆ ಹೀಗಾಗುವುದನ್ನು ರೋ ಗಮನಿಸಿ, ಲಂಡನ್ನಿನ ಯುವ ವೈದ್ಯ ಬ್ಯಾರಿ ಬ್ಲಾಕ್‌ವೆಲ್‌ಗೆ ಪತ್ರ ಬರೆದರು. ಬ್ಲಾಕ್‌ವೆಲ್ 1963ರಲ್ಲಿ ಈ ನಂಟನ್ನು ಪ್ರಕಟಿಸಿದರು.

ವಿಷಯ ಇಷ್ಟು. ತಿಂಗಳುಗಟ್ಟಲೆ ಹಣ್ಣಾಗಲು ಬಿಟ್ಟ ಚೀಸಿನಲ್ಲಿ ಟೈರಮಿನ್ ಎಂಬ ವಸ್ತು ಕೂಡಿಕೊಳ್ಳುತ್ತದೆ. ನಮ್ಮ ಕರುಳು ಮತ್ತು ಯಕೃತ್ತಿನಲ್ಲಿರುವ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಆ ಹಳೆಯ ಮಾತ್ರೆ ಕಿಣ್ವದ ಕೈ ಕಟ್ಟಿಹಾಕುತ್ತಿತ್ತು, ಹಾಗಾಗಿ ಟೈರಮಿನ್ ನೇರ ರಕ್ತಕ್ಕೆ ಸೇರುತ್ತಿತ್ತು. ಮಾತ್ರೆ ತಿನ್ನುವವರಿಗೆ ಇದು ನಿಜವಾದ ಅಪಾಯ, ಇಂದಿಗೂ.

1967ರಲ್ಲಿ ಎಡಾ ಹ್ಯಾನಿಂಗ್ಟನ್ ಎಂಬ ಬ್ರಿಟಿಷ್ ವೈದ್ಯೆ ಅದೇ ಟೈರಮಿನ್ ಸಾಮಾನ್ಯ ಮೈಗ್ರೇನಿಗೂ ಕಾರಣವಿರಬಹುದು ಎಂದು ಬರೆದರು. ಅಲ್ಲಿಂದ ಟೈರಮಿನ್ ಇರುವ, ಇರಬಹುದಾದ ಎಲ್ಲ ತಿನಿಸುಗಳೂ ಪಟ್ಟಿಗೆ ಸೇರಿದವು. ಮುಂದೆ ಬೇರೆ ಬೇರೆ ಕಡೆ ಮೈಗ್ರೇನ್ ಇರುವವರಿಗೆ ಯಾವುದು ಏನೆಂದು ಹೇಳದೆ ಟೈರಮಿನ್ನಿನ ಗುಳಿಗೆ ಮತ್ತು ಬರಿಯ ಗುಳಿಗೆ ಕೊಟ್ಟು ನೋಡಿದಾಗ, ಹೆಚ್ಚಿನ ಪ್ರಯೋಗಗಳಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಪಟ್ಟಿ ಮಾತ್ರ ಉಳಿಯಿತು. ಕೆಲವರಿಗೆ ಹಳೆಯ ಚೀಸ್ ಆಗದೇ ಇರಬಹುದು, ಅದನ್ನು ಅಲ್ಲಗಳೆಯಲಾಗದು. ಆದರೆ ನಮ್ಮ ಪನೀರ್ ಹಾಲು ಒಡೆಸಿ ಅಂದೇ ಮಾಡುವಂಥದ್ದು. ಹಣ್ಣಾಗಿಸುವ ಮಾತೇ ಇಲ್ಲ, ಟೈರಮಿನ್ ಕೂಡಿಕೊಳ್ಳಲು ಹೊತ್ತೇ ಸಿಗುವುದಿಲ್ಲ. ಉತ್ತರ ಭಾರತದಲ್ಲಿ ಇದ್ದುಕೊಂಡು ಪಾಲಕ್ ಪನೀರಿಗೂ ಹೆದರುತ್ತಿದ್ದ ನನ್ನ ಬುದ್ಧಿಗೆ ಏನನ್ನಬೇಕು!

ಡೈರಿ ಬರೆದ ಬಗೆ

ತಜ್ಞರು ಹೇಳಿದ ನಿಯಮಗಳಲ್ಲಿ ಮೊದಲನೆಯದು ನನಗೆ ವಿಚಿತ್ರ ಅನ್ನಿಸಿತ್ತು: ನೋವು ಬಂದ ದಿನ ಮಾತ್ರವಲ್ಲ, ಬಾರದ ದಿನವೂ ಬರೆಯಬೇಕು. ನೋವು ಬಂದ ದಿನ ಕುಳಿತು "ನಿನ್ನೆ ಏನು ತಿಂದೆ" ಎಂದು ನೆನೆಸಿಕೊಂಡರೆ ಚೀಸ್ ಸಿಕ್ಕೇ ಸಿಗುತ್ತದೆ, ಏಕೆಂದರೆ ನಾವು ಹುಡುಕುತ್ತಿರುವುದೇ ಅದನ್ನು. ಚೀಸ್ ತಿಂದೂ ಆರಾಮಾಗಿದ್ದ ದಿನಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಎದ್ದ ಹೊತ್ತು, ಮಲಗಿದ ಹೊತ್ತು. ಪ್ರತಿ ಊಟದ ಹೊತ್ತು, ಏನು ತಿಂದೆ ಅನ್ನುವುದಷ್ಟೇ ಅಲ್ಲ, ಯಾವಾಗ ತಿಂದೆ ಎಂದು. ಕಾಫಿ ಚಹಾ ಎಷ್ಟು, ಎಷ್ಟು ಹೊತ್ತಿಗೆ. ಮುಟ್ಟಿನ ದಿನ. ನೋವು ಶುರುವಾದ ಗಂಟೆ. ನುಂಗಿದ ಮಾತ್ರೆ. ಕೊನೆಯಲ್ಲಿ ಒಂದು ಅಂಕಣ, ಅದಕ್ಕೆ ನಾನಿಟ್ಟ ಹೆಸರು "ಆಕಳಿಕೆ". ಅದರ ಕಾರಣ ಮುಂದೆ ಹೇಳುತ್ತೇನೆ. ದಿನಾ ರಾತ್ರಿ ಮಲಗುವ ಮುಂಚೆ ಎರಡು ನಿಮಿಷದ ಕೆಲಸ.

ಹನ್ನೆರಡು ವಾರ, ಅಂದರೆ 84 ದಿನ ಬರೆದೆ. ಆ ಅವಧಿಯಲ್ಲಿ ನೋವು ಬಂದದ್ದು 13 ಸಲ. ಅದರಲ್ಲಿ ಆರು ಭಾನುವಾರ. ಮೂರು, ಊಟ ಮೂರು ಗಂಟೆ ದಾಟಿದ ದಿನ. ಎರಡು, ಸಂಕಷ್ಟಿಯ ದಿನ. ಉಳಿದೆರಡು ಮುಟ್ಟಿನ ಹಿಂದುಮುಂದು. ಗುಂಪು ಮಾಡಿ ಬರೆದಾಗ ನನಗೇ ಆಶ್ಚರ್ಯವಾಯಿತು. ತಿನಿಸಿನ ಹೆಸರಿಗಿಂತ ಗಡಿಯಾರವೇ ಹೆಚ್ಚು ಕಾಣುತ್ತಿತ್ತು.

ಪಿಜ್ಜಾ ಮತ್ತು ತಡವಾದ ಕಾಫಿ

ಭಾನುವಾರದ ಲೆಕ್ಕ ನೋಡಿ. ಹನ್ನೆರಡು ಶನಿವಾರಗಳಲ್ಲಿ ಒಂಬತ್ತು ಸಲ ಪಿಜ್ಜಾ ತರಿಸಿದ್ದೆವು. ಮರುದಿನ ನೋವು ಬಂದದ್ದು ಐದು ಸಲ. ಇಷ್ಟಕ್ಕೇ ನಿಲ್ಲಿಸಿದರೆ ಚೀಸೇ ಅಪರಾಧಿ. ಆದರೆ ವಾರದ ನಡುವೆಯೂ ಐದು ದಿನ ಮಗನ ಡಬ್ಬಿಗೆ ಮಾಡಿ ಮಿಕ್ಕ ಚೀಸ್ ಸ್ಯಾಂಡ್‌ವಿಚ್ ತಿಂದಿದ್ದೆ. ಆ ಐದರಲ್ಲಿ ಒಂದು ಸಲವೂ ನೋವು ಬಂದಿರಲಿಲ್ಲ. ಚೀಸಿಗೆ ವಾರ ಗೊತ್ತಾಗುವುದುಂಟೇ?

ಆಗ ಇನ್ನೊಂದು ಅಂಕಣ ನೋಡಿದೆ. ವಾರದ ದಿನಗಳಲ್ಲಿ ಆರೂಕಾಲಿಗೆ ನನ್ನ ಮೊದಲ ಲೋಟ ಫಿಲ್ಟರ್ ಕಾಫಿ, ಹೊರಡುವ ಮುಂಚೆ ಎರಡನೆಯದು. ಆಫೀಸಿನಲ್ಲಿ ಹನ್ನೊಂದಕ್ಕೆ ಮಷಿನ್ ಕಾಫಿ, ಸಂಜೆ ಐದಕ್ಕೆ ಚಹಾ. ಭಾನುವಾರ ಏಳುವುದೇ ಒಂಬತ್ತಕ್ಕೆ, ಕಾಫಿ ಒಂಬತ್ತೂವರೆಗೆ. ಹನ್ನೆರಡು ಭಾನುವಾರಗಳಲ್ಲಿ ಹೀಗೆ ತಡವಾದದ್ದು ಎಂಟು, ಅದರಲ್ಲಿ ಆರು ದಿನ ನೋವು. ಊರಿಗೆ ಹೊರಟವರನ್ನು ನಿಜಾಮುದ್ದೀನ್ ಸ್ಟೇಷನ್ನಿಗೆ ಬಿಡಲು ಹೋಗುವುದು, ಮಗನ ಪಂದ್ಯ ಎಂದು ಬೇಗ ಎದ್ದು ಕಾಫಿ ಕುಡಿದ ನಾಲ್ಕು ಭಾನುವಾರ ಒಂದೂ ಇಲ್ಲ. ಆ ನಾಲ್ಕರಲ್ಲಿ ಮೂರರ ಹಿಂದಿನ ರಾತ್ರಿ ಪಿಜ್ಜಾ ತಿಂದಿದ್ದೆ!

ಕಾಫಿಯ ಲೆಕ್ಕ ಹೀಗಿದೆ. ಕೆಫೀನ್ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತುವಿನ ದಾರಿಗೆ ಅಡ್ಡ ನಿಲ್ಲುತ್ತದೆ. ದಿನಾ ಹೀಗೆ ಅಡ್ಡ ನಿಂತರೆ ಮಿದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಂದು ದಿನ ಕೆಫೀನ್ ಬಾರದಿದ್ದರೆ ತಲೆಯ ರಕ್ತನಾಳಗಳು ಹಿಗ್ಗಿ ನೋವು ಶುರುವಾಗಬಹುದು. ತಲೆನೋವಿನ ಅಂತಾರಾಷ್ಟ್ರೀಯ ವರ್ಗೀಕರಣದಲ್ಲೇ ಇದಕ್ಕೆ ಪ್ರತ್ಯೇಕ ಜಾಗ ಇದೆ: ದಿನಕ್ಕೆ 200 ಮಿಲಿಗ್ರಾಮಿಗಿಂತ ಹೆಚ್ಚು ಕೆಫೀನನ್ನು ಎರಡು ವಾರಕ್ಕೂ ಮೀರಿ ತೆಗೆದುಕೊಂಡವರು ತಡ ಮಾಡಿದರೆ ಅಥವಾ ಬಿಟ್ಟರೆ, 24 ಗಂಟೆಯೊಳಗೆ ಬರುವ ನೋವು. ನೂರು ಮಿಲಿಗ್ರಾಂ ಕೆಫೀನ್ ಒಳಗೆ ಹೋದರೆ ಒಂದು ಗಂಟೆಯಲ್ಲಿ ಇಳಿಯುತ್ತದೆ. ಮೈಗ್ರೇನ್ ಇರುವವರಲ್ಲಿ ಇದೇ ಏಟು ಪೂರ್ಣ ಮೈಗ್ರೇನಿಗೆ ದಾರಿ ಮಾಡಿಕೊಡಬಹುದು.

ಇನ್ನೂರು ಮಿಲಿಗ್ರಾಂ ಅಂದರೆ ಎಷ್ಟು? ಐಸಿಎಂಆರ್ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಇಳಿಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಆದ್ದರಿಂದ ಚಿಕೋರಿ ಬೆರೆಸಿದ ಪುಡಿಯಲ್ಲಿ ಸ್ವಲ್ಪ ಕಡಿಮೆ. ಹಾಗಿದ್ದರೂ ನನ್ನ ಮೂರು ಕಾಫಿ, ಒಂದು ಚಹಾಕ್ಕೆ 200 ದಾಟುವುದು ಕಷ್ಟವಲ್ಲ. ಕೆಫೀನ್ ತಪ್ಪಿದ ನೋವು ಸಾಮಾನ್ಯವಾಗಿ ಕೊನೆಯ ಲೋಟದ 12ರಿಂದ 24 ಗಂಟೆಯ ನಡುವೆ ಶುರುವಾಗುತ್ತದೆ. ವಾರದ ದಿನ ಸಂಜೆ ಐದರಿಂದ ಬೆಳಿಗ್ಗೆ ಆರೂಕಾಲಿಗೆ ಹದಿಮೂರು ಗಂಟೆ, ಗಡಿ ದಾಟುವಷ್ಟರಲ್ಲಿ ಕಾಫಿ ಸಿಕ್ಕಿಬಿಡುತ್ತದೆ. ಭಾನುವಾರ ಅದು ಹದಿನಾರೂವರೆ ಗಂಟೆ.

ಆದರೆ ತಡವಾಗಿ ಏಳುವುದೂ ಒಂದು ಕಾರಣ ಇರಬಹುದಲ್ಲ? ನಿದ್ದೆಯ ಹೊತ್ತು ಬದಲಾದರೂ ಮೈಗ್ರೇನ್ ಬರುತ್ತದೆ. ಎರಡನ್ನೂ ಬೇರ್ಪಡಿಸಲು ಮುಂದಿನ ಮೂರು ವಾರ ಒಂದು ಉಪಾಯ ಮಾಡಿದೆ. ಶನಿವಾರ ಎಂದಿನಂತೆ ಪಿಜ್ಜಾ. ಭಾನುವಾರ ಆರೂವರೆಗೆ ಅಲಾರಂ ಇಟ್ಟು ಎದ್ದು, ರಾತ್ರಿಯೇ ಇಳಿಸಿಟ್ಟ ಡಿಕಾಕ್ಷನ್ನಿಗೆ ಹಾಲು ಬೆರೆಸಿ ಕುಡಿದು, ಮತ್ತೆ ಒಂಬತ್ತರವರೆಗೆ ನಿದ್ದೆ. ಮೂರೂ ಭಾನುವಾರ ತಲೆ ಹಗುರ. ನಾಲ್ಕನೆಯ ವಾರ ಪಿಜ್ಜಾ ಇರಲಿಲ್ಲ, ಅನ್ನ ಸಾರು ಉಂಡು ಮಲಗಿದ್ದೆವು. ಫೋನಿನ ಬ್ಯಾಟರಿ ಮುಗಿದು ಅಲಾರಂ ಹೊಡೆಯಲಿಲ್ಲ. ಹತ್ತು ಗಂಟೆಗೆ ಎಡಗಣ್ಣಿನ ಹಿಂದೆ ಮಿಡಿತ. ಅವತ್ತು ನೋವಿನಲ್ಲೂ ನಗು ಬಂತು.

ನಾಲ್ಕು ಭಾನುವಾರ ದೊಡ್ಡ ಸಾಕ್ಷಿ ಅಲ್ಲ ಎಂದು ತಜ್ಞರು ಹೇಳಿದರು. ಆದರೆ ನನ್ನ ದೇಹಕ್ಕೆ ಏನು ಮಾಡಬೇಕು ಎಂದು ನಿರ್ಧರಿಸಲು ಅಷ್ಟು ಸಾಕು. ಕಾಫಿಯನ್ನು ಒಮ್ಮೆಗೇ ಬಿಡಬಾರದು, ಬಿಟ್ಟರೆ ಒಂದು ವಾರದವರೆಗೆ ಅದೇ ನೋವು ಕಾಡಬಹುದು. ಮೊದಲ ವಾರ ಆಫೀಸಿನ ಕಾಫಿ ಅರ್ಧ ಮಾಡಿದೆ, ಮುಂದಿನ ವಾರ ಬಿಟ್ಟೆ, ಆಮೇಲೆ ಬೆಳಗಿನ ಎರಡನೆಯ ಲೋಟ. ಈಗ ಬೆಳಿಗ್ಗೆ ಒಂದು ಕಾಫಿ, ಸಂಜೆ ಒಂದು ಚಹಾ, ಎಲ್ಲ ದಿನವೂ ಅದೇ ಹೊತ್ತಿಗೆ. ಪೂರ್ತಿ ಬಿಡಬೇಕಾದ ಅಗತ್ಯ ಎಲ್ಲರಿಗೂ ಇಲ್ಲ. ಅಮೆರಿಕದಲ್ಲಿ 98 ಮೈಗ್ರೇನ್ ರೋಗಿಗಳು ಆರು ವಾರ ದಿನಚರಿ ಬರೆದು ಕೊಟ್ಟ ಲೆಕ್ಕ 2019ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೆರಡು ಲೋಟ ಕೆಫೀನ್ ಪಾನೀಯ ಕುಡಿದ ದಿನ ನೋವು ಹೆಚ್ಚಿರಲಿಲ್ಲ. ಮೂರು ಅಥವಾ ಹೆಚ್ಚು ಕುಡಿದ ದಿನ ಹೆಚ್ಚಿತ್ತು.

ಆಕಳಿಕೆಯ ಅಂಕಣ

ಈಗ ಚಾಕೊಲೇಟ್. 84 ದಿನಗಳಲ್ಲಿ 17 ದಿನ ಚಾಕೊಲೇಟ್ ತಿಂದಿದ್ದೆ. ಅದಾದ 24 ಗಂಟೆಯೊಳಗೆ ನೋವು ಶುರುವಾದದ್ದು ನಾಲ್ಕು ಸಲ. ತಿನ್ನದ 67 ದಿನಗಳ ಪಾಲಿಗೆ ಉಳಿದ ಒಂಬತ್ತು. ನೂರಕ್ಕೆ ಲೆಕ್ಕ ಹಾಕಿದರೆ ತಿಂದ ದಿನ 24, ತಿನ್ನದ ದಿನ 13. ಹೆಚ್ಚುಕಡಿಮೆ ಎರಡು ಪಟ್ಟು! ಸಿಕ್ಕಿಬಿದ್ದ ಅಂದುಕೊಂಡೆ.

ಆಗ ಆಕಳಿಕೆಯ ಅಂಕಣ ಕೆಲಸಕ್ಕೆ ಬಂತು. ಮೈಗ್ರೇನ್ ನೋವಿನಿಂದ ಶುರುವಾಗುವುದಿಲ್ಲ. ನೋವಿಗೆ ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಮುಂಚೆಯೇ ಅದರ ಮೊದಲ ಹಂತ ಒಳಗೆ ನಡೆದಿರುತ್ತದೆ. ಬಿಡದ ಆಕಳಿಕೆ, ಕುತ್ತಿಗೆ ಬಿಗಿತ, ಸುಮ್ಮಸುಮ್ಮನೆ ಸಿಡುಕು, ಪದೇಪದೇ ಮೂತ್ರ, ಹಾಗೂ ಯಾವುದೋ ತಿಂಡಿಗೆ, ಹೆಚ್ಚಾಗಿ ಸಿಹಿಗೆ, ಬಾಯಿ ಹಾತೊರೆಯುವುದು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಶುಲ್ಟೆ ಮತ್ತು ಮೇ ಎಂಬ ಸಂಶೋಧಕರು ಒಬ್ಬ ಮೈಗ್ರೇನ್ ರೋಗಿಯ ಮಿದುಳನ್ನು ಮೂವತ್ತು ದಿನ ಪ್ರತಿದಿನ ಸ್ಕ್ಯಾನ್ ಮಾಡಿ 2016ರಲ್ಲಿ ಪ್ರಕಟಿಸಿದರು. ನೋವು ಬರುವ ಹಿಂದಿನ ದಿನವೇ ಹೈಪೊಥಲಾಮಸ್ ಎಂಬ ಭಾಗದ ಚಟುವಟಿಕೆ ಬದಲಾಗಿತ್ತು. ಹಸಿವು, ಬಾಯಾರಿಕೆ, ನಿದ್ದೆಗಳ ಉಸ್ತುವಾರಿ ನೋಡುವುದು ಇದೇ ಭಾಗ.

ಅಂದರೆ ಸಿಹಿ ತಿಂದದ್ದರಿಂದ ಮೈಗ್ರೇನ್ ಬಂತು ಅನ್ನುವುದಕ್ಕಿಂತ, ಮೈಗ್ರೇನ್ ಆಗಲೇ ಬಂದಿದ್ದರಿಂದ ಸಿಹಿ ಬೇಕೆನ್ನಿಸಿತು ಅನ್ನುವುದು ಸರಿ ಇರಬಹುದು. ನನ್ನ ಡೈರಿಯಲ್ಲಿ ಆ ನಾಲ್ಕರಲ್ಲಿ ಮೂರು ಸಲ ಚಾಕೊಲೇಟಿಗೆ ಕೈ ಹಾಕುವ ಮುಂಚೆಯೇ "ಆಕಳಿಕೆ, ಕುತ್ತಿಗೆ" ಎಂದು ಬರೆದಿತ್ತು. ಆ ಮೂರನ್ನು ಬದಿಗಿಟ್ಟರೆ ಹದಿನಾಲ್ಕು ದಿನಕ್ಕೆ ಒಂದೇ ನೋವು. ದೀಪಾವಳಿಯ ಹೊತ್ತಿಗೆ ಪಕ್ಕದವರು ಕೊಟ್ಟ ಡಬ್ಬಿಯಿಂದ ಸುಮ್ಮನೆ ಬಾಯಾಡಿಸಿದ ದಿನಗಳಲ್ಲಿ ಏನೂ ಆಗಿರಲಿಲ್ಲ.

ಇದು ನನ್ನ ಕಲ್ಪನೆಯಲ್ಲ ಎಂಬುದಕ್ಕೆ ಹಳೆಯ ಪ್ರಯೋಗ ಒಂದಿದೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ತಲೆನೋವಿನಿಂದ ಬಳಲುತ್ತಿದ್ದ 63 ಮಹಿಳೆಯರಿಗೆ ಚಾಕೊಲೇಟ್ ಮತ್ತು ಕ್ಯಾರಬ್ ಎಂಬ ಕಾಯಿಪುಡಿಯಿಂದ ಮಾಡಿದ, ಅದರಂತೆಯೇ ತೋರುವ ಮಿಠಾಯಿಯನ್ನು ಯಾವುದು ಯಾವುದೆಂದು ತಿಳಿಸದೆ ಕೊಟ್ಟರು. 1997ರಲ್ಲಿ ಬಂದ ಫಲಿತಾಂಶ: ಚಾಕೊಲೇಟಿನಿಂದ ನೋವು ಹೆಚ್ಚಾಗಲಿಲ್ಲ, ಚಾಕೊಲೇಟ್ ತಮಗಾಗದು ಎಂದು ನಂಬಿದ್ದವರಲ್ಲೂ ಕೂಡ. ಸಣ್ಣ ಪ್ರಯೋಗಗಳಲ್ಲಿ ಬೇರೆ ಉತ್ತರ ಬಂದದ್ದೂ ಇದೆ, ಹಾಗಾಗಿ ಯಾರಿಗೂ ಆಗಲಾರದು ಎಂದು ಹೇಳಲಾರೆ. ಆದರೆ ಕಪಾಟಿಗೆ ಬೀಗ ಹಾಕುವ ಮುಂಚೆ ಆಕಳಿಕೆ ಬರೆಯಿರಿ.

ಪಿತ್ತದ ಮಾತು

ಅಮ್ಮನ ಪಿತ್ತದ ಲೆಕ್ಕವೂ ಇದೇ ಜಾತಿಯದ್ದು. ನೋವು ಏರಿದಾಗ ಮಧ್ಯಾಹ್ನ ಉಂಡದ್ದು ಸಂಜೆ ಹಾಗೇ ವಾಂತಿಯಾಗುತ್ತದೆ, ಕೊನೆಗೆ ಹಳದಿ ಕಹಿ ನೀರು. ವಾಂತಿ ಆದಮೇಲೆ ನೋವು ಇಳಿಯುವುದೂ ಉಂಟು. ಆದ್ದರಿಂದ ತಿಂದದ್ದು ಜೀರ್ಣವಾಗದೆ ಪಿತ್ತ ತಲೆಗೇರಿತು ಎಂದು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದೇವೆ. ನಡೆಯುವುದು ಹೆಚ್ಚಾಗಿ ಹಿಂದುಮುಂದು. ಮೈಗ್ರೇನ್ ಬಂದಾಗ ಹೊಟ್ಟೆಯ ಚಲನೆ ನಿಧಾನವಾಗುತ್ತದೆ, ಅದಕ್ಕೇ ಊಟ ಅಲ್ಲೇ ಕೂತಿರುತ್ತದೆ. ನೋವು ಏರಿದ ಮೇಲೆ ನುಂಗಿದ ಮಾತ್ರೆ ಹತ್ತದೇ ಇರುವುದಕ್ಕೂ ಇದೊಂದು ಕಾರಣ. ಮಾತ್ರೆ ತೆಗೆದುಕೊಳ್ಳುವುದಿದ್ದರೆ ನೋವು ಶುರುವಾದಾಗಲೇ ತೆಗೆದುಕೊಳ್ಳಿ ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಒಂದು ವರ್ಷ ಬಿಟ್ಟಿದ್ದ ಮೊಸರನ್ನು ಮತ್ತೆ ಶುರು ಮಾಡಿದೆ, ರಾತ್ರಿಯೂ. ನಾಲ್ಕು ವಾರದ ಡೈರಿಯಲ್ಲಿ ಏನೂ ಬದಲಾಗಲಿಲ್ಲ. "ನಿನಗೆ ಆಗುತ್ತೆ ಅಂದರೆ ಉಣ್ಣು ಮಗಾ" ಎಂದರು ಅಮ್ಮ, ಸ್ವಲ್ಪ ಬೇಸರದಲ್ಲೇ.

ಖಾಲಿ ಹೊಟ್ಟೆಯ ದಿನಗಳು

ನನ್ನ ಲೆಕ್ಕದಲ್ಲಿ ಸಂಕಷ್ಟಿ ಬಂದದ್ದು ಮೂರು ಸಲ, ನೋವು ಎರಡು ಸಲ. ಊಟ ಮೂರು ಗಂಟೆ ದಾಟಿದ ದಿನಗಳನ್ನೂ ಇದರ ಜೊತೆಗೇ ಇಡಬೇಕು. ಹೊತ್ತು ಹೊತ್ತಿಗೆ ಉಣ್ಣದಿರುವುದು ಮೈಗ್ರೇನಿಗೆ ಅತ್ಯಂತ ಗಟ್ಟಿ ಆಧಾರವಿರುವ ಕಾರಣಗಳಲ್ಲೊಂದು. ಯಹೂದಿಗಳ ಯೋಮ್ ಕಿಪ್ಪುರ್ ಉಪವಾಸ, ಮುಸ್ಲಿಮರ ರಂಜಾನ್ ಎರಡರ ಮೇಲೂ ಅಧ್ಯಯನ ನಡೆದಿದೆ, ಎರಡರಲ್ಲೂ ತಲೆನೋವು ಹೆಚ್ಚು ಕಂಡಿದೆ. ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ವೈದ್ಯರು 182 ಮೈಗ್ರೇನ್ ರೋಗಿಗಳನ್ನು ವಿಚಾರಿಸಿ 2010ರಲ್ಲಿ ಬರೆದ ವರದಿಯಲ್ಲಿ ಮಾನಸಿಕ ಒತ್ತಡ, ಪ್ರಯಾಣದ ದಣಿವು, ಉಪವಾಸ, ನಿದ್ದೆಗೇಡು ಇವೇ ಮುಂದಿನ ಸಾಲಿನಲ್ಲಿದ್ದವು. ಕಾರಣ ಹೇಳಬಲ್ಲವರಲ್ಲಿ ಸುಮಾರು ಅರ್ಧದಷ್ಟು ಮಂದಿ ಉಪವಾಸವನ್ನು ಹೆಸರಿಸಿದ್ದರು.

ನಮ್ಮ ಹಬ್ಬದ ದಿನಗಳಲ್ಲಿ ಇನ್ನೊಂದು ತೊಡಕಿದೆ. ಸಂಕಷ್ಟಿಯ ಬೆಳಿಗ್ಗೆ ತಲೆಗೆ ಸ್ನಾನ, ಕೂದಲು ಆರುವ ಮುಂಚೆ ಜಡೆ, ಇಡೀ ದಿನ ಖಾಲಿ ಹೊಟ್ಟೆ, ರಾತ್ರಿ ಚಂದ್ರ ಕಂಡ ಮೇಲೆ ಊಟ. ಮರುದಿನ ನೋವು ಬಂದರೆ "ನಿನ್ನೆ ಕಡಲೆಬೇಳೆ ಪಾಯಸ ಜಾಸ್ತಿಯಾಯಿತು" ಅನ್ನುತ್ತೇವೆ. ತಲೆಸ್ನಾನದಿಂದಲೇ ಮೈಗ್ರೇನ್ ಬರುವ 94 ಭಾರತೀಯ ರೋಗಿಗಳ ಬಗ್ಗೆ ಮುಂಬಯಿಯ ತಜ್ಞ ಕೆ. ರವಿಶಂಕರ್ 2006ರಲ್ಲಿ ಬರೆದಿದ್ದಾರೆ. ಹಾಗಾಗಿ ಹಬ್ಬದ ಮರುದಿನ ಪಾಯಸವನ್ನು ದೂರುವ ಮುಂಚೆ ಆ ದಿನದ ಉಳಿದ ಬದಲಾವಣೆಗಳನ್ನೂ ಬರೆದುಕೊಳ್ಳಬೇಕು.

ನಾನು ವ್ರತ ಬಿಟ್ಟಿಲ್ಲ, ರೀತಿ ಬದಲಿಸಿದ್ದೇನೆ. ತಲೆಸ್ನಾನ ಹಿಂದಿನ ದಿನ. ಕಾಫಿ ಎಂದಿನ ಹೊತ್ತಿಗೆ. ಮೂರು ನಾಲ್ಕು ಗಂಟೆಗೊಮ್ಮೆ ಹಣ್ಣು, ಹಾಲು, ಮಧ್ಯಾಹ್ನ ಮೊಸರು ಅವಲಕ್ಕಿ. ನೀರು ಬೇಕಾದಷ್ಟು. ನಮ್ಮ ಗಲ್ಲಿಯ ಹೆಂಗಸರು ಕರ್ವಾ ಚೌತಿಗೆ ನೀರೂ ಮುಟ್ಟದೆ ಕೂರುತ್ತಾರೆ. ಪಕ್ಕದ ಮನೆಯಾಕೆ ಮರುದಿನ ತಲೆಗೆ ದುಪಟ್ಟಾ ಬಿಗಿದುಕೊಂಡು ಬಂದು "ಉಪವಾಸ ಬಿಡುವಾಗ ತಿಂದ ಪೂರಿ ಆಗಿಬರಲಿಲ್ಲ ದೀದಿ" ಅಂದರು. ನಾನು ನೋಟ್‌ಬುಕ್ ತೋರಿಸಿದೆ.

ಅಜಿನೊಮೊಟೊ ಕತೆಯೂ ಇಲ್ಲಿಗೇ ಸೇರುತ್ತದೆ. 1968ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದಕ್ಕೆ ಬಂದ ಒಂದು ಪತ್ರದಿಂದ ಅದರ ಮೇಲೆ ಅನುಮಾನ ಹುಟ್ಟಿತು. ಸಾಮಾನ್ಯ ಊಟದ ಪ್ರಮಾಣದಲ್ಲಿ ತಲೆನೋವು ತರುತ್ತದೆಂದು ಪ್ರಯೋಗಗಳಲ್ಲಿ ಖಚಿತವಾಗದೆ, ಅಂತಾರಾಷ್ಟ್ರೀಯ ವರ್ಗೀಕರಣದ 2018ರ ಆವೃತ್ತಿಯಿಂದ ಅದನ್ನು ಕೈಬಿಟ್ಟರು. ನಾನು ಬೀದಿಬದಿಯ ಚೌಮೀನ್ ತಿನ್ನುತ್ತಿದ್ದದ್ದು ಯಾವಾಗ? ಮಧ್ಯಾಹ್ನ ಊಟ ತಪ್ಪಿದ ದಿನ, ಸಂಜೆ ಏಳಕ್ಕೆ, ಮೆಟ್ರೋ ಇಳಿದೊಡನೆ. ನೋವಿನ ಗಡಿಯಾರ ಅಷ್ಟರಲ್ಲಿ ಓಡತೊಡಗಿರುತ್ತಿತ್ತು.

ಪಟ್ಟಿಯಲ್ಲಿ ಉಳಿಯುವಂಥದ್ದು ಮದ್ಯ. ಕುಡಿದ ಮೂರು ಗಂಟೆಯೊಳಗೆ ಒಮ್ಮೆ, ಇಲ್ಲವೇ ಮರುದಿನ ಬೆಳಿಗ್ಗೆ, ಎರಡು ಬಗೆಯಲ್ಲಿ ಅದು ನೋವು ತರಬಲ್ಲದು. ಆದರೆ ಅದನ್ನೂ ತಡರಾತ್ರಿ, ಖಾಲಿ ಹೊಟ್ಟೆಗಳಿಂದ ಬೇರೆ ಮಾಡಿ ನೋಡಬೇಕು.

ನಿಮ್ಮ ಡೈರಿಗೆ

ಒಂದು ತಿನಿಸಿನ ಮೇಲೆ ಅನುಮಾನ ಉಳಿದರೆ ಅದೊಂದನ್ನೇ ನಾಲ್ಕು ವಾರ ಬಿಡಿ, ಬೇರೇನನ್ನೂ ಬದಲಿಸಬೇಡಿ. ನೋವು ನಿಜಕ್ಕೂ ಕಡಿಮೆಯಾದರೆ, ಹೊತ್ತಿಗೆ ಸರಿಯಾಗಿ ಉಂಡ ಒಂದು ಸಾಧಾರಣ ದಿನ, ಆಕಳಿಕೆ ಇಲ್ಲದಾಗ, ಅದನ್ನು ಮತ್ತೆ ತಿಂದು ನೋಡಿ. ಹೀಗೆ ಕನಿಷ್ಠ ಮೂರು ಸಲ. ಪ್ರತಿ ಸಲವೂ ಒಂದು ದಿನದೊಳಗೆ ನೋವು ಬಂದರೆ ಅದು ನಿಮ್ಮ ಪಾಲಿಗೆ ನಿಜ, ಪುಸ್ತಕ ಏನೇ ಹೇಳಲಿ. ಒಮ್ಮೆ ಬಂದು ಒಮ್ಮೆ ಬಾರದಿದ್ದರೆ ಜೊತೆಗೆ ಇನ್ನೇನಿತ್ತು ಎಂದು ನೋಡಿ. ಒಂದೊಂದು ಕಾರಣ ಒಂಟಿಯಾಗಿ ಸುಮ್ಮನಿದ್ದು, ಎರಡು ಮೂರು ಒಟ್ಟಾದಾಗ ಏಟು ಕೊಡುವುದುಂಟು.

ಮಾತ್ರೆಯ ಅಂಕಣವನ್ನು ತಿಂಗಳ ಕೊನೆಗೆ ಕೂಡಿ. ಸಾದಾ ನೋವಿನ ಮಾತ್ರೆ ತಿಂಗಳಿಗೆ ಹದಿನೈದು ದಿನ, ಕೆಫೀನ್ ಬೆರೆಸಿದ ಮಿಶ್ರ ಮಾತ್ರೆ ಅಥವಾ ಟ್ರಿಪ್ಟಾನ್ ಹತ್ತು ದಿನ ಮುಟ್ಟಿದರೆ ಮಾತ್ರೆಯಿಂದಲೇ ತಲೆನೋವು ಹೆಚ್ಚುವ ಅಪಾಯವಿದೆ. ಆಗ ತಿಂಡಿಯ ಡೈರಿ ಏನನ್ನೂ ಹೇಳಲಾರದು, ವೈದ್ಯರನ್ನು ಕಾಣಬೇಕು. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಮಾತು ತೊದಲುವುದು, ಕೈಕಾಲು ಸೋಲುವುದು, ಐವತ್ತು ದಾಟಿದ ಮೇಲೆ ಮೊದಲ ಸಲ ಬಂದ ಹೊಸ ಬಗೆಯ ನೋವು, ಇವು ಯಾವುವೂ ಡೈರಿಗೆ ಕಾಯುವಂಥವಲ್ಲ.

ನನ್ನ ಮೈಗ್ರೇನ್ ಹೋಗಿಲ್ಲ. ಮುಟ್ಟಿನ ಹೊತ್ತಿನದು ಈಗಲೂ ಬರುತ್ತದೆ, ಅದಕ್ಕೆ ಊಟದಲ್ಲಿ ಮದ್ದಿಲ್ಲ. ಆದರೆ ತಿಂಗಳಿಗೆ ನಾಲ್ಕೈದು ಇದ್ದದ್ದು ಒಂದೆರಡಕ್ಕೆ ಇಳಿದಿದೆ. ಆಫೀಸಿನ ಮೇಜಿನ ಡ್ರಾಯರಿನಲ್ಲಿ ಹುರಿದ ಕಡಲೆ, ಖರ್ಜೂರದ ಡಬ್ಬಿ ಇರುತ್ತದೆ, ಮೀಟಿಂಗ್ ಎಷ್ಟೇ ಎಳೆದರೂ ಒಂದೂವರೆಗೆ ಊಟ. ಶನಿವಾರ ಪಿಜ್ಜಾ ಬರುತ್ತದೆ. ಭಾನುವಾರ ಆರೂವರೆಗೆ ಅಲಾರಂ ಹೊಡೆದಾಗ ಈಗ ಮಗನೇ ಎದ್ದು ಡಿಕಾಕ್ಷನ್ನಿಗೆ ಹಾಲು ಬೆರೆಸಿ ತರುತ್ತಾನೆ. ಲೋಟ ಖಾಲಿ ಮಾಡಿ ಮತ್ತೆ ಮುಸುಕು ಎಳೆದುಕೊಳ್ಳುತ್ತೇನೆ.